ಆಡಳಿತ ಮಂಡಳಿಗೆ ಒಂದು ಪುಟದ ಆಯವ್ಯಯ ಸಾರಾಂಶ: ಕೋಷ್ಟಕ ಮತ್ತು ನಕ್ಷೆಗಳ ಆಯ್ಕೆ

ಸಂಸ್ಥೆಯೊಂದರ ವಾರ್ಷಿಕ ಆಯವ್ಯಯದ ಅಂದಾಜು ಸಾಮಾನ್ಯವಾಗಿ ಮೂವತ್ತು ನಲವತ್ತು ಪುಟಗಳ ಗ್ರಂಥವಾಗಿರುತ್ತದೆ. ಅದನ್ನು ಮಂಜೂರು ಮಾಡಬೇಕಾದ ಆಡಳಿತ ಮಂಡಳಿಯ ಸದಸ್ಯರಾದರೋ ವಕೀಲರು, ವೈದ್ಯರು, ವ್ಯಾಪಾರಸ್ಥರು, ನಿವೃತ್ತ ಅಧಿಕಾರಿಗಳು. ಲೆಕ್ಕಪತ್ರವೇ ಅವರ ವೃತ್ತಿಯಲ್ಲ. ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ದೊರೆತರೆ ಹೆಚ್ಚು. ಆದಕಾರಣ ಗ್ರಂಥದ ಮೇಲೊಂದು ಪುಟದ ಸಾರಾಂಶವನ್ನು ಇರಿಸುವ ಪದ್ಧತಿ ಬೆಳೆದುಬಂದಿದೆ. ಆ ಪುಟದಲ್ಲಿ ಏನಿರಬೇಕು, ಏನಿರಬಾರದು, ಯಾವುದನ್ನು ಕೋಷ್ಟಕದಲ್ಲಿ ಕೊಡಬೇಕು, ಯಾವುದನ್ನು ನಕ್ಷೆಯಲ್ಲಿ ತೋರಿಸಬೇಕು ಎಂಬುದನ್ನು ಪ್ರಕೃತ ಲೇಖನದಲ್ಲಿ ಒಂದು ಉದಾಹರಣೆಯ ಮೂಲಕ ಪರಿಶೀಲಿಸುತ್ತೇವೆ.

ನಮ್ಮ ವಾದವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಾರಾಂಶವೆಂದರೆ ದೊಡ್ಡ ಪತ್ರವನ್ನು ಕುಗ್ಗಿಸಿ ಬರೆದ ಚಿಕ್ಕ ಪತ್ರವಲ್ಲ. ಮಂಡಳಿ ಯಾವ ತೀರ್ಮಾನವನ್ನು ಕೈಗೊಳ್ಳಬೇಕಾಗಿದೆಯೋ ಅದಕ್ಕೆ ಬೇಕಾದ ವ್ಯತ್ಯಾಸಗಳನ್ನು ಮಾತ್ರ ಎತ್ತಿ ತೋರಿಸುವ ಸ್ವತಂತ್ರ ರಚನೆ ಅದು. ಎಲ್ಲ ಶೀರ್ಷಿಕೆಗಳ ಮೊತ್ತಗಳನ್ನೂ ಒಂದೇ ಪುಟದಲ್ಲಿ ತುಂಬಿದ ಸಾರಾಂಶದಲ್ಲಿ ಒಂದಂಕಿಯೂ ತಪ್ಪಿಲ್ಲದಿರಬಹುದು. ಆದರೂ ಅದನ್ನು ಓದಿದವರು ತಪ್ಪು ತೀರ್ಮಾನಕ್ಕೆ ಬರುವ ಸಂಭವವುಂಟು.

ಉದಾಹರಣೆಯ ಕಾಲೇಜು

ಸರ್ಕಾರದ ವೇತನಾನುದಾನವಿಲ್ಲದ, ಮೂರು ವರ್ಷಗಳ ಪದವಿ ತರಗತಿಗಳಿರುವ, ಒಂದು ವಿದ್ಯಾರ್ಥಿನಿಲಯವನ್ನೂ ನಡೆಸುತ್ತಿರುವ ಖಾಸಗಿ ಕಾಲೇಜೊಂದನ್ನು ಕಲ್ಪಿಸಿಕೊಳ್ಳೋಣ. ಇಲ್ಲಿನ ಅಂಕಿಗಳೆಲ್ಲ ವಿವರಣೆಗಾಗಿ ನಾವೇ ರಚಿಸಿಕೊಂಡವು. ಎಲ್ಲವೂ ಲಕ್ಷ ರೂಪಾಯಿಗಳಲ್ಲಿವೆ. ಈ ವರ್ಷದ ಪರಿಷ್ಕೃತ ಅಂದಾಜಿನ ಪ್ರಕಾರ ವರಮಾನ 600, ವೆಚ್ಚ 588, ಉಳಿಕೆ 12. ಬರುವ ವರ್ಷದ ಅಂದಾಜಿನಲ್ಲಿ ವರಮಾನ 580, ವೆಚ್ಚ 650, ಕೊರತೆ 70. ವರ್ಷಾಂತ್ಯದಲ್ಲಿ ಮೀಸಲು ನಿಧಿ 210 ಇರುತ್ತದೆ. ಮೂರು ತಿಂಗಳ ವೆಚ್ಚಕ್ಕೆ ಸಾಲುವಷ್ಟು, ಎಂದರೆ ಸುಮಾರು 160, ಯಾವಾಗಲೂ ಮೀಸಲಿರಬೇಕೆಂದು ಮಂಡಳಿ ಹಿಂದೆಯೇ ನಿರ್ಣಯಿಸಿದೆಯೆಂದು ಇಟ್ಟುಕೊಳ್ಳೋಣ.

ಈ ಅಂಕಿಗಳನ್ನು ಇದ್ದಂತೆಯೇ ಮುಂದಿಟ್ಟರೆ ಸದಸ್ಯರ ಮನಸ್ಸಿನಲ್ಲಿ ಮೂಡುವ ಕಥೆ ಹೀಗಿರುತ್ತದೆ: ‘ಈ ವರ್ಷ ಕಾಲೇಜು ಚೆನ್ನಾಗಿಯೇ ಇತ್ತು, ಬರುವ ವರ್ಷ ಯಾರೋ ಖರ್ಚನ್ನು ಏರಿಸಿದ್ದಾರೆ.’ ಆದುದರಿಂದ ಅವರ ಸಹಜವಾದ ಆಜ್ಞೆ ‘ಖರ್ಚನ್ನು ಹಿಂದಿನ ಮಟ್ಟಕ್ಕೆ ಇಳಿಸಿರಿ’ ಎಂಬುದಾಗುತ್ತದೆ. ಈ ಕಥೆ ನಿಜವೇ ಎಂಬುದನ್ನು ಪರೀಕ್ಷಿಸುವುದು ಸಾರಾಂಶವನ್ನು ರಚಿಸುವವನ ಮೊದಲನೆಯ ಕರ್ತವ್ಯ. ಕೋಷ್ಟಕ, ನಕ್ಷೆಗಳ ಪ್ರಶ್ನೆ ಆಮೇಲಿನದು.

ಸಂದೇಶವನ್ನು ಕಂಡುಕೊಳ್ಳುವ ಬಗೆ

ಈ ವರ್ಷದ ಉಳಿಕೆಯಾದ 12ರೊಳಗೆ ಮರಳಿ ಬಾರದ ಅಂಶಗಳು ಯಾವುವು ಎಂದು ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಅಂಥವು ಎರಡಿವೆ. ಹಳೆಯ ವಿದ್ಯಾರ್ಥಿಯೊಬ್ಬರು ಸಾಮಾನ್ಯ ಉಪಯೋಗಕ್ಕೆಂದು ಕೊಟ್ಟ 40 ಲಕ್ಷದ ಕೊಡುಗೆ ಒಂದು. ಇದು ಅನಾವರ್ತಕ ವರಮಾನವೆಂಬುದು ಯಾರಿಗಾದರೂ ತಿಳಿಯುತ್ತದೆ. ಎರಡನೆಯದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ಅಧ್ಯಾಪಕ ಹುದ್ದೆಗಳು ವರ್ಷವಿಡೀ ತೆರವಾಗಿದ್ದು, ಅದರಿಂದ ವೇತನದಲ್ಲಿ 24 ಲಕ್ಷ ಉಳಿದಿದೆ. ಲೆಕ್ಕಪುಸ್ತಕದಲ್ಲಿ ‘ತೆರವಾದ ಹುದ್ದೆ’ ಎಂಬ ಶೀರ್ಷಿಕೆಯೇ ಇರುವುದಿಲ್ಲ. ಕೊಡದ ಸಂಬಳ ಎಲ್ಲಿಯೂ ನಮೂದಾಗುವುದಿಲ್ಲ. ಮಂಜೂರಾದ ಹುದ್ದೆಗಳ ಪಟ್ಟಿಯನ್ನು ವೇತನದ ಪಟ್ಟಿಯೊಡನೆ ಹೋಲಿಸಿ ನೋಡಿದಾಗ ಮಾತ್ರ ಅದು ಹೊರಬೀಳುತ್ತದೆ.

ಈ ಎರಡನ್ನೂ ತೆಗೆದರೆ ಈ ವರ್ಷದ ನಿಜಸ್ಥಿತಿ 12ರಲ್ಲಿ 40 ಮತ್ತು 24ನ್ನು ಕಳೆದಾಗ ಉಳಿಯುವ 52ರ ಕೊರತೆ. ಬರುವ ವರ್ಷದ್ದು 70ರ ಕೊರತೆ. ಎಂದ ಮೇಲೆ ಕಾಲೇಜು ಉಳಿಕೆಯಿಂದ ಕೊರತೆಗೆ ಒಮ್ಮೆಲೇ ಬಿದ್ದುದಲ್ಲ. ಕೊರತೆ ಆಗಲೇ ಇತ್ತು. ಕೊಡುಗೆಯ ಹಣ ಮತ್ತು ಖಾಲಿ ಕುರ್ಚಿಗಳು ಅದನ್ನು ಮರೆಮಾಡಿದ್ದುವು. ಒಂದು ವರ್ಷದಲ್ಲಿ ನಿಜವಾಗಿ ಹದಗೆಟ್ಟಿರುವುದು 82 ಲಕ್ಷವಲ್ಲ, 18 ಲಕ್ಷ. ಹೀಗಾಗಿ ‘ಹಿಂದಿನ ಮಟ್ಟಕ್ಕೆ ಇಳಿಸಿರಿ’ ಎಂಬ ಆಜ್ಞೆಗೆ ಅರ್ಥವೇ ಉಳಿಯುವುದಿಲ್ಲ. ಆ ಮಟ್ಟದಲ್ಲಿ ಕಾಲೇಜು ನಿಂತದ್ದು ನಾಲ್ಕು ಮಂದಿ ಅಧ್ಯಾಪಕರಿಲ್ಲದೆ.

ಇದನ್ನು ಕಂಡುಕೊಂಡ ಮೇಲೆ ಪುಟದ ತಲೆಬರಹ ತಾನಾಗಿಯೇ ಒದಗುತ್ತದೆ. ‘ಆಯವ್ಯಯ ಸಾರಾಂಶ’ ಎಂದು ದೊಡ್ಡಕ್ಷರಗಳಲ್ಲಿ ಬರೆಯುವುದರಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಪೂರ್ಣವಾಕ್ಯವನ್ನೇ ಇಡಬೇಕು: ‘ಕಾಲೇಜಿನ ಆವರ್ತಕ ಕೊರತೆ ಈ ವರ್ಷ 52 ಲಕ್ಷ, ಬರುವ ವರ್ಷ 70 ಲಕ್ಷ, ಕ್ರಮ ಕೈಗೊಳ್ಳದಿದ್ದರೆ ಮೀಸಲು ನಿಧಿ ಬರುವ ವರ್ಷವೇ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಯುತ್ತದೆ.’ ಮುಂದೆ ಬರುವ ಪ್ರತಿಯೊಂದು ಕೋಷ್ಟಕವೂ ನಕ್ಷೆಯೂ ಈ ವಾಕ್ಯದ ಒಂದು ಭಾಗಕ್ಕೆ ಆಧಾರವಾಗಿರಬೇಕು. ಆಧಾರವಾಗದಿದ್ದರೆ, ಅದು ಎಷ್ಟೇ ಅಂದವಾಗಿದ್ದರೂ, ಅನುಬಂಧಕ್ಕೆ ಸೇರತಕ್ಕದ್ದು.

ಮೊದಲನೆಯ ಕೋಷ್ಟಕ

ನಿರ್ದಿಷ್ಟ ಮೊತ್ತಗಳನ್ನು ಓದುಗ ಹುಡುಕಿ ನೋಡಬೇಕಾದಲ್ಲಿ ಕೋಷ್ಟಕವೇ ಸರಿ. ಮಂಡಳಿ ಮಂಜೂರು ಮಾಡುವುದು ಮೊತ್ತಗಳನ್ನು. ಆದ್ದರಿಂದ ಒಂದು ಕೋಷ್ಟಕ ಅನಿವಾರ್ಯ. ಅದನ್ನು ಹೀಗೆ ರಚಿಸಬಹುದು.

| | ಈ ವರ್ಷ | ಬರುವ ವರ್ಷ | ಉಳಿಕೆಯ ಮೇಲಣ ಪರಿಣಾಮ |
|---|---:|---:|---:|
| ಬೋಧನಾ ಶುಲ್ಕ | 412 | 430 | +18 |
| ಕೊಡುಗೆಗಳು | 60 | 20 | −40 |
| ಬಡ್ಡಿ ಮತ್ತು ಇತರ | 32 | 26 | −6 |
| ವಿದ್ಯಾರ್ಥಿನಿಲಯ (ನಿವ್ವಳ) | 6 | 2 | −4 |
| ವೇತನ ಮತ್ತು ಭತ್ಯಗಳು | −352 | −398 | −46 |
| ಇತರ ವೆಚ್ಚ | −146 | −150 | −4 |
| ಉಳಿಕೆ ಅಥವಾ ಕೊರತೆ | 12 | −70 | −82 |
| ಆವರ್ತಕ ಸ್ಥಿತಿ | −52 | −70 | −18 |

ಈ ಕೋಷ್ಟಕದ ರಚನೆಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಅಂಕಿಗಳ ಸರಳೀಕರಣ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಎಹ್ರೆನ್‌ಬರ್ಗ್ 1977ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಅಂಕಿಗಳನ್ನು ಪರಿಣಾಮಕಾರಿಯಾದ ಎರಡು ಸ್ಥಾನಗಳಿಗೆ ಸರಿಹೊಂದಿಸಿದರೆ ಓದುಗ ಮನಸ್ಸಿನಲ್ಲಿಯೇ ಅವುಗಳನ್ನು ಕಳೆದು ಭಾಗಿಸಿ ನೋಡಬಲ್ಲನೆಂದೂ, ಹೋಲಿಸಬೇಕಾದ ಅಂಕಿಗಳನ್ನು ಒಂದರ ಕೆಳಗೊಂದು ಇರಿಸಬೇಕೆಂದೂ, ಸಾಲುಗಳನ್ನು ಗಾತ್ರದ ಕ್ರಮದಲ್ಲಿ ಜೋಡಿಸಬೇಕೆಂದೂ ವಾದಿಸಿದನು. 4,12,37,650 ರೂಪಾಯಿ ಎಂದು ಬರೆದರೆ ಕಣ್ಣು ಅಲ್ಲಿಯೇ ನಿಲ್ಲುತ್ತದೆ. 412 ಲಕ್ಷ ಎಂದರೆ ಮುಂದಿನ ಅಂಕಣಕ್ಕೆ ಹೋಗುತ್ತದೆ. ಮಂಜೂರಾತಿಗೆ ಬೇಕಾದ ಪೂರ್ಣ ಮೊತ್ತ ಗ್ರಂಥದ ಒಳಗಿದ್ದೇ ಇರುತ್ತದೆ.

ಎರಡನೆಯದು, ಕೊನೆಯ ಅಂಕಣದ ಚಿಹ್ನೆ. ವೇತನ 46 ಹೆಚ್ಚಿತು ಎಂಬುದನ್ನು ಕೆಲವರು +46 ಎಂದು ಬರೆಯುತ್ತಾರೆ. ಆಗ ಶುಲ್ಕದ +18 ಶುಭಸೂಚಕವೂ ವೇತನದ +46 ಅಶುಭಸೂಚಕವೂ ಆಗಿ, ಅಂಕಣವನ್ನು ಕೂಡಿ ನೋಡಿದವನಿಗೆ ಯಾವ ಮೊತ್ತವೂ ಹೊಂದುವುದಿಲ್ಲ. ಪ್ರತಿಯೊಂದು ಬದಲಾವಣೆಯನ್ನೂ ಉಳಿಕೆಯ ಮೇಲಣ ಪರಿಣಾಮವಾಗಿ ಬರೆದರೆ ಅಂಕಣ ತಾನಾಗಿ ಕೂಡಿಬರುತ್ತದೆ.

ಮೂರನೆಯದು, ನಿವ್ವಳ ಮೊತ್ತದ ಅಪಾಯ. ವಿದ್ಯಾರ್ಥಿನಿಲಯದ ವರಮಾನ 96ರಿಂದ 104ಕ್ಕೂ ವೆಚ್ಚ 90ರಿಂದ 102ಕ್ಕೂ ಏರಿದೆ. ಮಂಡಳಿಗೆ ಬೇಕಾದದ್ದು ಅವುಗಳ ಅಂತರ ಮಾತ್ರವಾದುದರಿಂದ ಅಂತರವನ್ನೇ ಕೊಟ್ಟಿದ್ದೇವೆ. ಆದರೆ ಇದರ ಫಲವಾಗಿ ನಮ್ಮ ಪುಟದಲ್ಲಿನ ಬರುವ ವರ್ಷದ ವೆಚ್ಚ 548 ಆಗುತ್ತದೆ. ಗ್ರಂಥದಲ್ಲಿ 650 ಎಂದಿದೆ. ಎಚ್ಚರದ ಸದಸ್ಯರೊಬ್ಬರು ಇದನ್ನು ಕಂಡುಹಿಡಿದರೆ ಸಭೆಯ ಸಮಯವೆಲ್ಲ ಆ ವ್ಯತ್ಯಾಸದ ಚರ್ಚೆಯಲ್ಲಿಯೇ ಕಳೆದುಹೋಗುತ್ತದೆ. ಪುಟದ ಮೇಲಿನ ನಂಬಿಕೆಯೂ ಹೋಗುತ್ತದೆ. ಕೋಷ್ಟಕದ ಕೆಳಗೆ ‘ವಿದ್ಯಾರ್ಥಿನಿಲಯದ 102 ಲಕ್ಷವನ್ನು ಸೇರಿಸಿದರೆ ಒಟ್ಟು ವೆಚ್ಚ 650’ ಎಂಬ ಒಂದು ಸಾಲು ಸಾಕು.

ನಕ್ಷೆಗಳ ಆಯ್ಕೆ

ಆಯವ್ಯಯವೆಂದೊಡನೆ ಅನೇಕರು ವೃತ್ತನಕ್ಷೆಯನ್ನು ಬರೆಯತೊಡಗುತ್ತಾರೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1801ರಲ್ಲಿ ಬಳಕೆಗೆ ತಂದ ಈ ನಕ್ಷೆ, ಇಡಿಯೊಂದರ ಭಾಗಗಳನ್ನು ಸ್ಥೂಲವಾಗಿ ತೋರಿಸಲು ಉಪಯುಕ್ತವೇ ಸರಿ. ನಮ್ಮ ಉದಾಹರಣೆಗೆ ಅದನ್ನು ಅನ್ವಯಿಸಿ ನೋಡೋಣ. ಈ ವರ್ಷ ಒಟ್ಟು ವೆಚ್ಚದಲ್ಲಿ ವೇತನದ ಪಾಲು ಶೇಕಡ 60, ಬರುವ ವರ್ಷ ಶೇಕಡ 61. ವೃತ್ತದಲ್ಲಿ ಇದರ ವ್ಯತ್ಯಾಸ ಸುಮಾರು ಐದು ಡಿಗ್ರಿಗಳ ಕೋನ. ಅಕ್ಕಪಕ್ಕದಲ್ಲಿರಿಸಿದ ಎರಡು ವೃತ್ತಗಳಲ್ಲಿ ಇದನ್ನು ಯಾರೂ ಗುರುತಿಸಲಾರರು. ಇದಕ್ಕಿಂತ ಗಂಭೀರವಾದ ದೋಷ ಬೇರೊಂದಿದೆ. ವೃತ್ತ ಯಾವಾಗಲೂ ನೂರಕ್ಕೆ ನೂರು ತುಂಬಿಯೇ ಇರುತ್ತದೆ. ಕೊರತೆಯನ್ನು ತೋರಿಸುವ ಸ್ಥಳವೇ ಅದರಲ್ಲಿಲ್ಲ. ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ನಾವು ಹೆಚ್ಚು ನಿಖರವಾಗಿಯೂ ಕೋನವನ್ನು ಅದಕ್ಕಿಂತ ಕಡಮೆ ನಿಖರವಾಗಿಯೂ ಅಳೆಯುತ್ತೇವೆಂಬುದು ಕಂಡುಬಂದಿತು. ಆದ್ದರಿಂದ ನಮಗೆ ಬೇಕಾದದ್ದು ಸಾಮಾನ್ಯ ಅಳತೆಗೋಲಿನ ಮೇಲೆ ನಿಂತ ನಕ್ಷೆ.

ಉಳಿಕೆ 12 ಹೇಗೆ 70ರ ಕೊರತೆಯಾಯಿತು ಎಂಬುದನ್ನು ತೋರಿಸಲು ಲೆಕ್ಕಿಗರು ವಾಟರ್‌ಫಾಲ್ ಎಂದು ಕರೆಯುವ ನಕ್ಷೆ ಸರಿಯಾದುದು. ಅದನ್ನು ಮೆಟ್ಟಿಲುನಕ್ಷೆ ಎನ್ನಬಹುದು. ಎಡತುದಿಯಲ್ಲಿ ಸೊನ್ನೆಯಿಂದ ಮೇಲಕ್ಕೆ 12ರ ಸ್ತಂಭ. ಅದರ ತುದಿಯಿಂದ ಕೊಡುಗೆಯ 40 ಕೆಳಗಿಳಿದು −28ನ್ನು ಮುಟ್ಟುತ್ತದೆ. ಅಲ್ಲಿಂದ ತೆರವಾದ ಹುದ್ದೆಗಳ 24 ಇಳಿದು −52 ಆಗುತ್ತದೆ. ಇಲ್ಲಿ ಸೊನ್ನೆಯಿಂದ −52ರವರೆಗೆ ಒಂದು ಪೂರ್ಣ ಸ್ತಂಭವನ್ನು ನಿಲ್ಲಿಸಿ ‘ಈ ವರ್ಷದ ಆವರ್ತಕ ಸ್ಥಿತಿ’ ಎಂದು ಬರೆಯಬೇಕು. ನಕ್ಷೆಯ ಜೀವಾಳವೇ ಈ ನಡುಸ್ತಂಭ. ಅದರ ಎಡಗಡೆ ಇರುವುದು ಮರೆಯಾಗಿದ್ದ ಕೊರತೆ, ಬಲಗಡೆ ಇರುವುದು ಹೊಸದಾಗಿ ಸೇರಿದ್ದು. ಮುಂದೆ ಶುಲ್ಕದ 18 ಮೇಲೇರಿ −34, ವಾರ್ಷಿಕ ವೇತನಬಡ್ತಿ ಮತ್ತು ತುಟ್ಟಿಭತ್ಯದ 22 ಇಳಿದು −56, ಬಡ್ಡಿ, ವಿದ್ಯಾರ್ಥಿನಿಲಯ, ಇತರ ವೆಚ್ಚಗಳೆಲ್ಲ ಸೇರಿದ 14 ಇಳಿದು −70. ಚಿಕ್ಕಚಿಕ್ಕ ಮೂರು ಬದಲಾವಣೆಗಳನ್ನು ಒಂದೇ ಮೆಟ್ಟಿಲಾಗಿ ಕೂಡಿಸಿದ್ದೇವೆ. ಎಂಟಕ್ಕಿಂತ ಹೆಚ್ಚು ಸ್ತಂಭಗಳಾದರೆ ಓದುಗ ಹಾದಿ ತಪ್ಪುತ್ತಾನೆ.

ಇದನ್ನು ಗಣಕದಲ್ಲಿ ರಚಿಸುವವರು ಎರಡು ಎಡವಟ್ಟುಗಳನ್ನು ತಿಳಿದಿರಬೇಕು. ಸ್ತಂಭದ ಮೇಲೆ ಸ್ತಂಭವನ್ನಿಟ್ಟು ಕೆಳಗಿನದನ್ನು ಬಣ್ಣವಿಲ್ಲದಂತೆ ಮಾಡುವ ಹಳೆಯ ಉಪಾಯವು, ಕೊಡುಗೆಯ ಮೆಟ್ಟಿಲಿನಂತೆ ಸ್ತಂಭವೊಂದು ಸೊನ್ನೆಯನ್ನು ದಾಟಿದಾಗ ತಪ್ಪು ಚಿತ್ರವನ್ನು ಕೊಡುತ್ತದೆ. ಸೊನ್ನೆಯ ಮೇಲಣ ಮತ್ತು ಕೆಳಗಣ ಭಾಗಗಳನ್ನು ಬೇರೆಬೇರೆಯಾಗಿ ಕೊಡಬೇಕಾಗುತ್ತದೆ. ಎಕ್ಸೆಲ್‌ನ 2016ರ ಆವೃತ್ತಿಯಿಂದ ಈಚೆಗೆ ಮೆಟ್ಟಿಲುನಕ್ಷೆ ಸಿದ್ಧರೂಪದಲ್ಲಿಯೇ ದೊರೆಯುತ್ತದೆ. ಆದರೆ ಅಲ್ಲಿ −52 ಮತ್ತು −70ರ ಸ್ತಂಭಗಳನ್ನು ಆರಿಸಿಕೊಂಡು `Set as total` ಎಂದು ಗುರುತಿಸದಿದ್ದರೆ ಗಣಕವು ಅವನ್ನೂ ಹೊಸ ಇಳಿತಗಳೆಂದೇ ಎಣಿಸಿ −52ರಿಂದ −104ಕ್ಕೆ ಇಳಿಯುತ್ತದೆ. ಕೊನೆಯ ಸ್ತಂಭ ಕೋಷ್ಟಕದ ಕೊನೆಯ ಅಂಕಿಗೆ ಸಮನಾಗಿದೆಯೇ ಎಂದು ನೋಡುವುದೇ ಇದಕ್ಕೆ ಪರೀಕ್ಷೆ.

ಎರಡನೆಯ ನಕ್ಷೆ ಮೀಸಲು ನಿಧಿಯ ರೇಖೆ. ಕಳೆದ ಎರಡು ವರ್ಷಗಳ ಕೊನೆಯಲ್ಲಿ 190, 198. ಈ ವರ್ಷ 210. ಬರುವ ವರ್ಷ 140. ಕೊರತೆ ಇದೇ ಮಟ್ಟದಲ್ಲಿ ಮುಂದುವರಿದರೆ ಅನಂತರ 70, ಆಮೇಲೆ ಸೊನ್ನೆ. ಆಗಿಹೋದುದನ್ನು ಗಟ್ಟಿಗೆರೆಯಲ್ಲಿಯೂ ಮುಂದಿನದನ್ನು ತುಂಡುಗೆರೆಯಲ್ಲಿಯೂ ಎಳೆದು, 160ರಲ್ಲಿ ಅಡ್ಡಗೆರೆಯೊಂದನ್ನು ಹಾಕಿ ‘ಮಂಡಳಿ ನಿರ್ಣಯಿಸಿದ ಕನಿಷ್ಠ’ ಎಂದು ಬರೆಯಬೇಕು. ಈ ಆರು ಅಂಕಿಗಳನ್ನು ಕೋಷ್ಟಕದಲ್ಲಿಯೂ ಕೊಡಬಹುದಿತ್ತಲ್ಲವೇ ಎಂದು ಕೇಳಬಹುದು. ಕೊಡಬಹುದಿತ್ತು, ಆದರೆ ಇಲ್ಲಿ ಸದಸ್ಯರು ನೋಡಬೇಕಾದದ್ದು ಮೊತ್ತವನ್ನಲ್ಲ, ರೇಖೆ ಅಡ್ಡಗೆರೆಯನ್ನು ಯಾವಾಗ ದಾಟುತ್ತದೆ ಎಂಬುದನ್ನು. ಸ್ವರೂಪವೇ ಸಂದೇಶವಾದಾಗ ನಕ್ಷೆ, ಮೊತ್ತವೇ ಸಂದೇಶವಾದಾಗ ಕೋಷ್ಟಕ. ಮೂರು ವರ್ಷ ಏರುತ್ತಿದ್ದ ರೇಖೆಯನ್ನು ಈ ವರ್ಷಕ್ಕೇ ನಿಲ್ಲಿಸಿದ್ದರೆ ಅದು ನೆಮ್ಮದಿಯ ಚಿತ್ರವಾಗುತ್ತಿತ್ತೆಂಬುದನ್ನೂ ಗಮನಿಸಬೇಕು. ತುಂಡುಗೆರೆಯೂ ಒಂದು ರೀತಿಯಲ್ಲಿ ಮೃದುವಾದ ಅಂದಾಜೇ. ನಿಧಿ ಕರಗಿದಂತೆ ಬಡ್ಡಿಯೂ ಕಡಮೆಯಾಗುವುದರಿಂದ ನಿಜವಾದ ಇಳಿತ ಇನ್ನೂ ಕಡಿದಾಗಿರುತ್ತದೆ.

ತೀರ್ಮಾನದ ಕೋಷ್ಟಕ

ಸಮಸ್ಯೆಯನ್ನು ಮಾತ್ರ ತೋರಿಸಿ ನಿಲ್ಲುವ ಪುಟ ಮಂಡಳಿಗೆ ಅರ್ಧ ಸಹಾಯವನ್ನಷ್ಟೇ ಮಾಡುತ್ತದೆ. ಪುಟದ ಕೆಳಭಾಗದಲ್ಲಿ ಮಂಡಳಿಯ ಮುಂದಿರುವ ಮಾರ್ಗಗಳನ್ನೂ ಅವುಗಳಿಂದ ಆಗುವ ಉಪಶಮನವನ್ನೂ ಕೊಡಬೇಕು. ಪ್ರಾಂಶುಪಾಲರು ಎರಡು ಮಾರ್ಗಗಳನ್ನು ಸೂಚಿಸಿದ್ದಾರೆಂದು ಭಾವಿಸೋಣ. ಹೊಸದಾಗಿ ಸೇರುವ 300 ವಿದ್ಯಾರ್ಥಿಗಳಿಗೆ ಮಾತ್ರ ಶುಲ್ಕವನ್ನು 4,000 ರೂಪಾಯಿ ಏರಿಸುವುದು ಒಂದು. ಇದರಿಂದ 12 ಲಕ್ಷ ಬರುತ್ತದೆ. ನಾಲ್ಕು ಹುದ್ದೆಗಳಲ್ಲಿ ಎರಡನ್ನು ಇನ್ನೊಂದು ವರ್ಷ ಖಾಲಿ ಬಿಡುವುದು ಇನ್ನೊಂದು. ಇದರಿಂದಲೂ 12 ಲಕ್ಷ ಉಳಿಯುತ್ತದೆ.

| | ಮೊದಲನೆಯ ವರ್ಷ | ಮೂರನೆಯ ವರ್ಷ |
|---|---:|---:|
| ಹೊಸಬರಿಗೆ ಶುಲ್ಕ ಏರಿಕೆ | 12 | 36 |
| ಎರಡು ಹುದ್ದೆಗಳ ಮುಂದೂಡಿಕೆ | 12 | 0 |

ಮೊದಲನೆಯ ಅಂಕಣವನ್ನು ಮಾತ್ರ ಕೊಟ್ಟಿದ್ದರೆ ಎರಡೂ ಸರಿಸಮ. ಹುದ್ದೆಗಳನ್ನು ಖಾಲಿ ಬಿಟ್ಟರೆ ಯಾರೂ ಪ್ರತಿಭಟಿಸುವುದಿಲ್ಲವಾದುದರಿಂದ ಮಂಡಳಿ ಬಹುಶಃ ಅದನ್ನೇ ಆರಿಸುತ್ತಿತ್ತು. ಮೂರನೆಯ ವರ್ಷದ ಅಂಕಣ ಬಂದೊಡನೆ ಚಿತ್ರ ಬೇರೆಯಾಗುತ್ತದೆ. ಏರಿದ ಶುಲ್ಕವನ್ನು ಕೊಡುವವರು ಮೂರು ವರ್ಷಗಳಲ್ಲಿ ಮೂರು ತರಗತಿಗಳನ್ನೂ ತುಂಬುತ್ತಾರೆ. ಮುಂದೂಡಿದ ಹುದ್ದೆಯಾದರೋ ತುಂಬಿದ ದಿನವೇ ಉಳಿತಾಯವನ್ನು ನುಂಗಿಬಿಡುತ್ತದೆ. ಕೊರತೆಯನ್ನು ಮೊದಲು ಮರೆಮಾಡಿದ್ದ ಉಪಾಯವೇ ಪರಿಹಾರದ ವೇಷದಲ್ಲಿ ಮರಳಿ ಬಂದಿದೆಯೆಂಬುದು ಆಗ ಸ್ಪಷ್ಟವಾಗುತ್ತದೆ. ಶುಲ್ಕವನ್ನು ಏರಿಸಬೇಕೇ ಎಂಬುದು ಮಂಡಳಿಯ ವಿವೇಚನೆಗೆ ಬಿಟ್ಟ ವಿಷಯ. ಬಡ ವಿದ್ಯಾರ್ಥಿಗಳ ಪ್ರಶ್ನೆಯನ್ನೂ ಅವರು ಯೋಚಿಸಬೇಕು. ಎರಡು ಮಾರ್ಗಗಳು ಒಂದೇ ಬಗೆಯವಲ್ಲವೆಂಬುದನ್ನು ಕಾಣಿಸುವುದು ಮಾತ್ರ ಪುಟದ ಕೆಲಸ.

ಕೊನೆಯಲ್ಲಿ ಅಂದಾಜು ಯಾವುದರ ಮೇಲೆ ನಿಂತಿದೆಯೆಂಬುದನ್ನು ಒಂದೆರಡು ಸಾಲುಗಳಲ್ಲಿ ಹೇಳಬೇಕು. ಶುಲ್ಕದ 430 ಲಕ್ಷವು 860 ವಿದ್ಯಾರ್ಥಿಗಳು ಸರಾಸರಿ 50,000 ರೂಪಾಯಿ ಕೊಡುತ್ತಾರೆಂಬ ಊಹೆಯಿಂದ ಬಂದದ್ದು. ‘ಹತ್ತು ವಿದ್ಯಾರ್ಥಿಗಳು ಕಡಮೆಯಾದರೆ ಕೊರತೆ 5 ಲಕ್ಷ ಹೆಚ್ಚುತ್ತದೆ’ ಎಂದು ಬರೆದರೆ, ಊರಿನ ಸ್ಥಿತಿಯನ್ನು ಬಲ್ಲ ಸದಸ್ಯರು ತಮ್ಮ ಅನುಭವದಿಂದಲೇ ಅಂದಾಜನ್ನು ತೂಗಿ ನೋಡಬಲ್ಲರು.

ಪರೀಕ್ಷೆ ಮತ್ತು ಮಿತಿ

ಪುಟ ಸಿದ್ಧವಾದ ಮೇಲೆ ಅದನ್ನು ಕಪ್ಪುಬಿಳುಪಿನಲ್ಲಿ ಪ್ರತಿ ತೆಗೆದು ನೋಡಬೇಕು. ಕೆಂಪು ಹಸಿರುಗಳಿಂದ ಮಾತ್ರ ಬೇರ್ಪಟ್ಟ ಸ್ತಂಭಗಳು ಅಲ್ಲಿ ಒಂದೇ ಬೂದುಬಣ್ಣವಾಗುತ್ತವೆ. ಅಂಕಿಯನ್ನು ಚಿಹ್ನೆಸಹಿತವಾಗಿ ಸ್ತಂಭದ ಪಕ್ಕದಲ್ಲಿಯೇ ಬರೆದಿದ್ದರೆ ತೊಂದರೆಯಿಲ್ಲ. ಆಮೇಲೆ ಲೆಕ್ಕಶಾಖೆಗೆ ಸೇರದ ಸಹೋದ್ಯೋಗಿಯೊಬ್ಬರಿಗೆ ಅದನ್ನು ಎರಡು ನಿಮಿಷ ಕೊಟ್ಟು ಹಿಂದಕ್ಕೆ ತೆಗೆದುಕೊಂಡು, ‘ಏನು ತಿಳಿಯಿತು?’ ಎಂದು ಕೇಳಬೇಕು. ‘ಖರ್ಚು ಹೆಚ್ಚಾಗಿದೆ’ ಎಂದರೆ ಪುಟ ಸೋತಿದೆ. ‘ಕೊರತೆ ಮೊದಲಿನಿಂದಲೂ ಇತ್ತಂತೆ’ ಎಂದರೆ ಅದು ತನ್ನ ಕೆಲಸವನ್ನು ಮಾಡಿದೆ.

ಇಂಥ ಪುಟ ಹೇಳಲಾರದ ಸಂಗತಿಯೂ ಒಂದುಂಟು. ಇಲ್ಲಿನ ಅಂಕಿಗಳೆಲ್ಲ ವರ್ಷದ ಮೊತ್ತಗಳು. ಶುಲ್ಕದ ಬಹುಭಾಗ ವರ್ಷಾರಂಭದ ಕೆಲವು ತಿಂಗಳುಗಳಲ್ಲಿ ಬರುತ್ತದೆ. ಸಂಬಳವನ್ನು ಹನ್ನೆರಡು ತಿಂಗಳೂ ಕೊಡಬೇಕು. ವರ್ಷಾಂತ್ಯದಲ್ಲಿ 140 ಲಕ್ಷ ಮೀಸಲಿದೆಯೆಂದು ರೇಖೆ ತೋರಿಸಿದರೂ, ಮುಂದಿನ ವರ್ಷದ ಶುಲ್ಕ ಬರುವ ಮುನ್ನ, ಏಪ್ರಿಲ್ ಮೇ ತಿಂಗಳುಗಳಲ್ಲಿ, ಕೈಯಲ್ಲಿರುವ ಹಣ ಅದಕ್ಕಿಂತ ಎಷ್ಟೋ ಕಡಮೆಯಿರಬಹುದು. ಅದಕ್ಕೆ ತಿಂಗಳುವಾರು ನಗದಿನ ಪಟ್ಟಿಯೇ ಬೇಕು. ಅದನ್ನೂ ಈ ಪುಟಕ್ಕೆ ತುರುಕಿದರೆ ಎರಡೂ ಕೆಡುತ್ತವೆ. ‘ನಗದಿನ ಸ್ಥಿತಿಗೆ ಅನುಬಂಧವನ್ನು ನೋಡಿ’ ಎಂಬ ಸೂಚನೆಯೊಡನೆ ಪುಟವನ್ನು ಮುಗಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.